ಏಟು ತಗುಲಿದ ಕ್ಷಣದ ಲೆಕ್ಕ

ಪರದೆಯ ಮೇಲಿನ ಮುಷ್ಟಿಗೆ ತೂಕವಿಲ್ಲ. ವಿಡಿಯೋ ಗೇಮಿನಲ್ಲಿ ಒಬ್ಬ ಇನ್ನೊಬ್ಬನ ದವಡೆಗೆ ಗುದ್ದಿದಾಗ ಅಲ್ಲಿರುವುದು ಎರಡು ಚಿತ್ರಗಳು ಮಾತ್ರ. ಒಂದರ ಕೈ ಇನ್ನೊಂದರ ಮುಖದ ಮೇಲೆ ಹಾದುಹೋಗಲು ಯಾವ ಅಡ್ಡಿಯೂ ಇಲ್ಲ. ಮೂಳೆ ಇಲ್ಲ, ಮಾಂಸ ಇಲ್ಲ, ಗುದ್ದಿದವನ ಗೆಣ್ಣಿಗೆ ನೋವೂ ಇಲ್ಲ. ಆದರೂ ಒಳ್ಳೆಯ ಹೊಡೆದಾಟದ ಗೇಮಿನಲ್ಲಿ ಬಿದ್ದ ಏಟು ನೋಡುವವನ ಮೈಗೇ ತಾಗಿದಂತಾಗುತ್ತದೆ. ಈ ಭ್ರಮೆಯನ್ನು ಹುಟ್ಟಿಸುವ ಮುಖ್ಯ ಉಪಾಯಗಳು ಮೂರು: ಏಟು ತಗುಲಿದೊಡನೆ ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಕ್ಷಣಕಾಲ ನಿಲ್ಲಿಸಿಬಿಡುವ ಹಿಟ್‌ಸ್ಟಾಪ್, ಆ ಕ್ಷಣದಲ್ಲಿ ಮಿಂಚಿನಂತೆ ಬಂದುಹೋಗುವ ಇಂಪ್ಯಾಕ್ಟ್ ಫ್ರೇಮ್, ಇಡೀ ದೃಶ್ಯವನ್ನೇ ಅದುರಿಸುವ ಸ್ಕ್ರೀನ್ ಶೇಕ್. ಮೂರರಲ್ಲಿ ಕಣ್ಣಿಗೆ ಅತಿ ಕಡಿಮೆ ಬೀಳುವುದು ಹಿಟ್‌ಸ್ಟಾಪ್. ಹೆಚ್ಚು ಕೆಲಸ ಮಾಡುವುದೂ ಅದೇ.

ಅದು ಏಕೆ ಬೇಕು ಎಂಬುದು ಕಾಲದ ಲೆಕ್ಕದಿಂದ ತಿಳಿಯುತ್ತದೆ. ಹೊಡೆದಾಟದ ಗೇಮುಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮುಗಳಂತೆ ಓಡುತ್ತವೆ. ಅಂದರೆ ಒಂದು ಫ್ರೇಮಿನ ಆಯುಸ್ಸು ಸುಮಾರು 17 ಮಿಲಿಸೆಕೆಂಡು. ಬಿರುಸಾದ ಗುದ್ದಿನಲ್ಲಿ ಕೈ ಹೊರಟು ಎದುರಾಳಿಯನ್ನು ಮುಟ್ಟಲು ಮೂರೋ ನಾಲ್ಕೋ ಫ್ರೇಮು ಸಾಕು, ಮುಷ್ಟಿ ಮುಖಕ್ಕೆ ತಾಗಿರುವ ಚಿತ್ರ ಅವುಗಳಲ್ಲಿ ಒಂದೇ ಒಂದು. 17 ಮಿಲಿಸೆಕೆಂಡಿನಲ್ಲಿ ಬಂದುಹೋದ ಆ ಚಿತ್ರವನ್ನು ಗ್ರಹಿಸಲು ಕಣ್ಣಿಗೆ ಪುರುಸೊತ್ತಿಲ್ಲ. ನೋಡುವವನಿಗೆ ಕಾಣುವುದು ಒಬ್ಬ ಕೈ ಬೀಸಿದ್ದು, ಇನ್ನೊಬ್ಬ ಹಿಂದಕ್ಕೆ ಬಿದ್ದದ್ದು. ನಡುವಿನ ಕೊಂಡಿ, ಅಂದರೆ ಇವನ ಕೈಯಿಂದಲೇ ಅವನು ಬಿದ್ದ ಎಂಬುದು, ಕಾಣದೇ ಹೋಗುತ್ತದೆ. ಗುದ್ದು ವೇಗವಾದಷ್ಟೂ ಈ ತೊಂದರೆ ಹೆಚ್ಚು. ಹಾಗಾಗಿ ಬಲ ತೋರಿಸಬೇಕೆಂದು ವೇಗವನ್ನು ಹೆಚ್ಚಿಸುತ್ತ ಹೋದರೆ ಏಟು ಇನ್ನಷ್ಟು ಸಪ್ಪೆಯಾಗುತ್ತದೆ.

ಹಿಟ್‌ಸ್ಟಾಪ್ ಈ ಒಂದು ಫ್ರೇಮನ್ನು ಹಿಡಿದು ನಿಲ್ಲಿಸುತ್ತದೆ. ಮುಷ್ಟಿ ತಾಗಿದ ಚಿತ್ರವೇ ಆರೋ ಎಂಟೋ ಹತ್ತೋ ಫ್ರೇಮುಗಳವರೆಗೆ ಅಲ್ಲೇ ನಿಂತು, ಆಮೇಲೆ ಚಲನೆ ಮುಂದುವರಿಯುತ್ತದೆ. ಆಡುವವರಲ್ಲಿ ಹೆಚ್ಚಿನವರಿಗೆ ಆಟ ನಿಂತಿತ್ತೆಂದು ಗೊತ್ತೇ ಆಗುವುದಿಲ್ಲ, ಏಟು ಜೋರಾಗಿತ್ತು ಎಂದಷ್ಟೇ ಅನ್ನಿಸುತ್ತದೆ. ಕಣ್ಣಿಗೆ ಸಮಯ ಸಿಕ್ಕಿತು ಎಂಬುದು ಇದಕ್ಕೆ ಅರ್ಧ ಕಾರಣ. ಉಳಿದರ್ಧ ಪ್ರತಿರೋಧಕ್ಕೆ ಸಂಬಂಧಿಸಿದ್ದು. ಗಾಳಿಯಲ್ಲಿ ಬೀಸಿದ ಕೊಡಲಿ ತಡೆಯಿಲ್ಲದೆ ಸಾಗುತ್ತದೆ, ಮರದ ಬೊಡ್ಡೆಗೆ ಬಿದ್ದ ಕೊಡಲಿ ಕಚ್ಚಿಕೊಂಡು ನಿಲ್ಲುತ್ತದೆ. ಕೈ ತಡೆದು ನಿಂತಿತು ಎಂದರೆ ಎದುರಿಗೆ ಗಟ್ಟಿಯಾದದ್ದೇನೋ ಇತ್ತು ಎಂಬುದು ಎಲ್ಲರ ಮೈಗೂ ಅನುಭವದಿಂದ ತಿಳಿದ ವಿಷಯ. ಪರದೆಯ ಮೇಲೆ ಪ್ರತಿರೋಧವನ್ನು ತೋರಿಸಲು ಬೇರೆ ದಾರಿ ಇಲ್ಲ, ಚಲನೆಯನ್ನು ತಡೆಯುವುದೊಂದೇ ದಾರಿ.

1991ರಲ್ಲಿ ಕ್ಯಾಪ್ಕಾಮ್ ಕಂಪನಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ಪ್ರತಿ ಏಟಿಗೂ ಇಂಥದೊಂದು ನಿಲುಗಡೆ ಇದೆ. ಹೊಡೆದಾಟದ ಗೇಮುಗಳ ವ್ಯಾಕರಣವನ್ನು ಬಹುಮಟ್ಟಿಗೆ ಕಟ್ಟಿಕೊಟ್ಟದ್ದೇ ಆ ಆಟ. ನಿಲುಗಡೆ ಎಷ್ಟಿರಬೇಕು ಎಂಬುದಕ್ಕೆ ಸ್ಪಷ್ಟವಾದ ಸೂತ್ರ ಸಿಗುವುದು 2001ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ಯಲ್ಲಿ. ಮಸಾಹಿರೊ ಸಕುರಾಯಿ ನಿರ್ದೇಶಿಸಿದ ಈ ಆಟವನ್ನು ಅದರ ಅಭಿಮಾನಿಗಳು ವರ್ಷಗಟ್ಟಲೆ ಬಿಡಿಸಿ ನೋಡಿ ಒಳಗಿನ ಲೆಕ್ಕಗಳನ್ನು ಹೊರತೆಗೆದಿದ್ದಾರೆ. ಅದರಲ್ಲಿ ಏಟಿನಿಂದಾಗುವ ಹಾನಿಯನ್ನು ಮೂರರಿಂದ ಭಾಗಿಸಿ, ಮೂರನ್ನು ಕೂಡಿಸಿ, ದಶಮಾಂಶವನ್ನು ಬಿಟ್ಟರೆ ನಿಲುಗಡೆಯ ಫ್ರೇಮುಗಳು ಸಿಗುತ್ತವೆ. 3 ಅಂಕದ ಹಾನಿ ಮಾಡುವ ಸಣ್ಣ ಚಪ್ಪರಿಕೆಗೆ 4 ಫ್ರೇಮು, 15 ಅಂಕದ ಬಲವಾದ ಏಟಿಗೆ 8 ಫ್ರೇಮು. ಏಟು ವಿದ್ಯುತ್ತಿನದಾಗಿದ್ದರೆ ತಿಂದವನ ನಿಲುಗಡೆ ಒಂದೂವರೆ ಪಟ್ಟಾಗಿ 8 ಇದ್ದದ್ದು 12 ಆಗುತ್ತದೆ. ಷಾಕ್ ಹೊಡೆದವನು ಅಂಟಿಕೊಂಡು ನಿಲ್ಲುವ ಅನುಭವ ಇದರಿಂದ ಬರುತ್ತದೆ.

ಈ ಸೂತ್ರದ ಜಾಣತನವೆಲ್ಲ ಇರುವುದು ಕೊನೆಗೆ ಕೂಡಿಸುವ ಆ ಮೂರರಲ್ಲಿ. ಅದು ಇಲ್ಲದಿದ್ದರೆ ಚಪ್ಪರಿಕೆಗೆ ಸಿಗುವುದು ಒಂದೇ ಫ್ರೇಮು, ಅಂದರೆ ಏನೂ ಸಿಗದಂತೆಯೇ. ಅತಿ ಸಣ್ಣ ಏಟೂ ತಗುಲಿದ್ದು ತಿಳಿಯಬೇಕು, ದೊಡ್ಡ ಏಟು ಸಣ್ಣದಕ್ಕಿಂತ ಬೇರೆ ಎಂದೂ ತಿಳಿಯಬೇಕು, ಆದರೆ ಹಾನಿ ಐದು ಪಟ್ಟಾಯಿತೆಂದು ನಿಲುಗಡೆಯೂ ಐದು ಪಟ್ಟಾದರೆ ಆಟ ಮುಗ್ಗರಿಸುತ್ತದೆ. ಇಲ್ಲಿ ಹಾನಿ ಐದು ಪಟ್ಟಾದಾಗ ನಿಲುಗಡೆ ಎರಡೇ ಪಟ್ಟಾಗುತ್ತದೆ.

ಒಂದು ಬಲವಾದ ಗುದ್ದನ್ನು ಫ್ರೇಮು ಫ್ರೇಮಾಗಿ ಬಿಡಿಸಿ ನೋಡಬಹುದು. ಮೊದಲ ಏಳು ಫ್ರೇಮುಗಳಲ್ಲಿ ಹೊಡೆಯುವವನು ಭುಜವನ್ನು ಹಿಂದಕ್ಕೆಳೆದು ಸಜ್ಜಾಗುತ್ತಾನೆ. 8, 9, 10ನೆಯ ಫ್ರೇಮುಗಳಲ್ಲಿ ಕೈ ಚಿಮ್ಮುತ್ತದೆ. 11ನೆಯದರಲ್ಲಿ ಮುಷ್ಟಿ ಎದುರಾಳಿಯ ಮುಖವನ್ನು ತಲುಪಿದ್ದನ್ನು ಆಟ ಗುರುತಿಸುತ್ತದೆ. ಅದೇ ಫ್ರೇಮಿನಲ್ಲಿ ಎದುರಾಳಿಯ ಚಿತ್ರ ಬದಲಾಗಿ ಅವನ ತಲೆ ಆಗಲೇ ತಿರುಗಿರುತ್ತದೆ, ಬಾಯಿ ಸೊಟ್ಟಗಾಗಿರುತ್ತದೆ. ಶಬ್ದವೂ ಅಲ್ಲೇ ಶುರುವಾಗುತ್ತದೆ, ತಾಗಿದ ಜಾಗದಲ್ಲಿ ಕಿಡಿ ಹೊತ್ತಿಕೊಳ್ಳುತ್ತದೆ. 12ರಿಂದ 21ರವರೆಗೆ, ಹತ್ತು ಫ್ರೇಮು, ಇಬ್ಬರ ಗಡಿಯಾರವೂ ನಿಂತಿರುತ್ತದೆ. ಇದು ಸೆಕೆಂಡಿನ ಆರನೆಯ ಒಂದು ಭಾಗ. ಈ ಹೊತ್ತಿನಲ್ಲಿ ಹೊಡೆದವನು ಕಲ್ಲಿನಂತೆ ನಿಲ್ಲುತ್ತಾನೆ. ಹೊಡೆಸಿಕೊಂಡವನ ಚಿತ್ರವನ್ನು ಮಾತ್ರ ಒಂದು ಫ್ರೇಮಿಗೆ ನಾಲ್ಕು ಪಿಕ್ಸೆಲ್ ಎಡಕ್ಕೆ, ಮುಂದಿನದಕ್ಕೆ ನಾಲ್ಕು ಪಿಕ್ಸೆಲ್ ಬಲಕ್ಕೆ ಸರಿಸುತ್ತ, ಮೂರು, ಎರಡು, ಒಂದು ಎಂದು ಇಳಿಸಲಾಗುತ್ತದೆ. ಕಿಡಿ ಮಾತ್ರ ನಿಲ್ಲದೆ ಹರಡುತ್ತಿರುತ್ತದೆ. 22ನೆಯ ಫ್ರೇಮಿನಲ್ಲಿ ತಡೆ ಬಿಟ್ಟೊಡನೆ ಎದುರಾಳಿ ಹಿಂದಕ್ಕೆ ಹಾರುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಯಾರು ಅದುರುತ್ತಾರೆ, ಯಾರು ಅದುರುವುದಿಲ್ಲ ಎಂಬುದು. ಇಬ್ಬರೂ ಅದುರಿದರೆ ಏಟು ಯಾರಿಗೆ ಬಿತ್ತು ಎಂಬುದೇ ಅಸ್ಪಷ್ಟವಾಗುತ್ತದೆ. ಒಬ್ಬ ಸ್ಥಿರ, ಇನ್ನೊಬ್ಬ ಕಂಪಿಸುತ್ತಿದ್ದಾನೆ ಎಂದಾಗ ಶಕ್ತಿ ಎತ್ತಲಿಂದ ಎತ್ತ ಹೋಯಿತೆಂದು ಹೇಳದೆಯೇ ತಿಳಿಯುತ್ತದೆ. ನೆಲದ ಮೇಲೆ ನಿಂತವನನ್ನು ಅಡ್ಡಡ್ಡ ಮಾತ್ರ ಅದುರಿಸುವುದಕ್ಕೂ ಕಾರಣವಿದೆ. ಮೇಲೆ ಕೆಳಗೆ ಅದುರಿಸಿದರೆ ಅವನ ಪಾದ ನೆಲದೊಳಗೆ ಹೂತಂತೆ ಕಾಣುತ್ತದೆ.

ನಿಲ್ಲಿಸುವ ಚಿತ್ರವನ್ನು ಆರಿಸುವುದರಲ್ಲೇ ಅನೇಕರು ಎಡವುತ್ತಾರೆ. ಮುಷ್ಟಿ ಕೆನ್ನೆಯನ್ನು ಆಗಷ್ಟೇ ಮುಟ್ಟಿರುವ, ಕೆನ್ನೆ ಇನ್ನೂ ಮೊದಲಿನಂತೆಯೇ ಇರುವ ಚಿತ್ರದಲ್ಲಿ ನಿಲ್ಲಿಸಿದರೆ ಸವರಿದಂತೆ ಕಾಣುತ್ತದೆ. ಅದನ್ನೇ ಹತ್ತು ಫ್ರೇಮು ತೋರಿಸಿದರೆ ಏಟಿನ ದೌರ್ಬಲ್ಯವೇ ಹತ್ತು ಪಟ್ಟು ಎದ್ದು ಕಾಣುತ್ತದೆ. ನಿಲ್ಲಬೇಕಾದದ್ದು ಮುಷ್ಟಿ ಒಳಹೊಕ್ಕು, ಮುಖ ತಿರುಚಿಕೊಂಡ ಚಿತ್ರ. ಇನ್ನೊಂದು ದೋಷ, ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿಬಿಡುವುದು. ಕಿಡಿ, ಹಿನ್ನೆಲೆಯ ಜನ, ಬೀಳುತ್ತಿರುವ ಎಲೆ ಎಲ್ಲವೂ ಸ್ತಬ್ಧವಾದರೆ, ಅದರ ಜೊತೆಗೆ ಶಬ್ದವೂ ತಡವಾದರೆ, ಆಡುವವನಿಗೆ ಯಂತ್ರ ಸಿಕ್ಕಿಹಾಕಿಕೊಂಡಿತು ಎನ್ನಿಸುತ್ತದೆ. ಪರೀಕ್ಷೆ ಸುಲಭ: ಹೊಸದಾಗಿ ಆಡುವವರ ಕೈಗೆ ಆಟವನ್ನು ಕೊಟ್ಟಾಗ ಅವರು ‘ಗೇಮ್ ಹ್ಯಾಂಗ್ ಆಗ್ತಿದೆ’ ಎಂದರೆ ನಿಲುಗಡೆ ಕೆಟ್ಟಿದೆ ಎಂದೇ ಅರ್ಥ. ಮೂರನೆಯ ದೋಷ ಒಂದರ ಹಿಂದೊಂದು ಬೇಗಬೇಗ ಬೀಳುವ ಏಟುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸೆಕೆಂಡಿಗೆ ಹತ್ತು ಗುಂಡು ಹಾರಿಸುವ ಬಂದೂಕಿನ ಪ್ರತಿ ಗುಂಡಿಗೂ ಮೂರು ಫ್ರೇಮು ನಿಲ್ಲಿಸಿದರೆ ಆಟದ ಅರ್ಧ ಹೊತ್ತು ನಿಂತೇ ಕಳೆಯುತ್ತದೆ. ಅಂಥ ಆಯುಧಗಳಿಗೆ ನಿಲುಗಡೆಯನ್ನು ಕೊಡದಿರುವುದೇ ಸರಿ, ಅಥವಾ ಕೊನೆಯ ಗುಂಡಿಗೆ ಮಾತ್ರ ಕೊಡಬಹುದು.

ಆಟ ನಿಂತಿದ್ದರೂ ಆಡುವವನ ಬೆರಳು ನಿಂತಿರುವುದಿಲ್ಲ. ಈ ಹೊತ್ತಿನಲ್ಲಿ ಒತ್ತಿದ ಬಟನ್ನುಗಳನ್ನು ಕಡೆಗಣಿಸಿದರೆ ಆಡುವವನಿಗೆ ಕೈ ಕಟ್ಟಿದಂತಾಗುತ್ತದೆ. ಆದ್ದರಿಂದ ಒಳ್ಳೆಯ ಆಟಗಳು ಅವನ್ನು ನೆನಪಿಟ್ಟುಕೊಂಡು ತಡೆ ಬಿಟ್ಟ ತಕ್ಷಣ ಮುಂದಿನ ಹೊಡೆತವನ್ನು ಶುರುಮಾಡುತ್ತವೆ. ಹೊಡೆದಾಟದ ಗೇಮುಗಳಲ್ಲಿ ಸರಣಿ ಹೊಡೆತಗಳನ್ನು ಜೋಡಿಸಲು ಆಟಗಾರರಿಗೆ ಸಿಗುವ ಬಿಡುವು ಇದೇ. ‘ಮೆಲೀ’ಯಲ್ಲಂತೂ ಏಟು ತಿಂದವನಿಗೂ ಇಲ್ಲಿ ಕೆಲಸವಿದೆ. ನಿಂತಿರುವ ಫ್ರೇಮುಗಳಲ್ಲಿ ಕಡ್ಡಿಯನ್ನು ತಳ್ಳಿ ತನ್ನ ಪಾತ್ರವನ್ನು ಒಂದಿಷ್ಟು ಸರಿಸಿಕೊಳ್ಳಬಹುದು, ಮುಂದಿನ ಏಟಿನಿಂದ ತಪ್ಪಿಸಿಕೊಳ್ಳಬಹುದು. ನೋಟಕ್ಕೆಂದು ಬಂದ ಉಪಾಯ ಆಟದ ತಂತ್ರವೇ ಆಗಿ ಬೆಳೆದಿದೆ.

ನಿಲುಗಡೆ ಕಣ್ಣಿಗೆ ಸಮಯ ಕೊಡುತ್ತದೆ, ಇಂಪ್ಯಾಕ್ಟ್ ಫ್ರೇಮು ಆ ಸಮಯದ ಮೇಲೆ ಗುರುತು ಹಾಕುತ್ತದೆ. ಇದು ಆನಿಮೇಷನ್ನಿನಿಂದ ಬಂದದ್ದು. ಸೆಕೆಂಡಿಗೆ 24 ಫ್ರೇಮು ಓಡುವ ಚಿತ್ರದಲ್ಲಿ ಏಟು ಬೀಳುವ ಜಾಗಕ್ಕೆ ಒಂದರಿಂದ ಮೂರು ಫ್ರೇಮುಗಳಷ್ಟು ಬೇರೆಯೇ ಬಗೆಯ ಚಿತ್ರಗಳನ್ನು ಸೇರಿಸುತ್ತಾರೆ. ಬಣ್ಣವೆಲ್ಲ ಮಾಯವಾಗಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಆಕೃತಿ, ಮರುಫ್ರೇಮಿಗೆ ಅದು ತಿರುಗಾಮುರುಗಾ, ಏಟಿನ ಬಿಂದುವಿನಿಂದ ನಾಲ್ಕೂ ಕಡೆಗೆ ಸಿಡಿದ ಒರಟು ಗೆರೆಗಳು. ಒಂದು ಫ್ರೇಮು 42 ಮಿಲಿಸೆಕೆಂಡಿನಷ್ಟು ಇರುವುದರಿಂದ ಚಿತ್ರದ ವಿವರ ಯಾರಿಗೂ ಕಾಣದು, ಆದರೆ ಬೆಳಕು ಕತ್ತಲೆಗಳ ಆ ತಿರುವು ಮಾತ್ರ ತಪ್ಪದೆ ತಾಗುತ್ತದೆ. ಜಪಾನಿನ ಯೊಶಿನೊರಿ ಕನಾಡಾ (1952–2009) ಇಂಥ ಹರಿತವಾದ, ಮಿಂಚುವ ಚಿತ್ರಗಳಿಗೆ ಹೆಸರಾದವರು. ಬೋನ್ಸ್ ಸ್ಟುಡಿಯೋದ ಯುತಾಕಾ ನಾಕಾಮುರಾ ‘ಮೈ ಹೀರೋ ಅಕಾಡೆಮಿಯಾ’ ಸರಣಿಯ ಹೊಡೆದಾಟಗಳಲ್ಲಿ ಅದನ್ನು ಬಳಸಿದ ರೀತಿಯನ್ನು ಆನಿಮೇಷನ್ ಕಲಿಯುವವರು ಫ್ರೇಮು ಫ್ರೇಮಾಗಿ ನಿಲ್ಲಿಸಿ ನೋಡುತ್ತಾರೆ.

ಇದರ ಹಿಂದಿನ ತತ್ವ ನಟರಿರುವ ಸಿನಿಮಾಕ್ಕೂ ಹೊಸದಲ್ಲ. ಹಿಚ್‌ಕಾಕ್ 1945ರ ‘ಸ್ಪೆಲ್‌ಬೌಂಡ್’ ಚಿತ್ರದ ಕೊನೆಯಲ್ಲಿ ಪಿಸ್ತೂಲು ನೇರವಾಗಿ ಕ್ಯಾಮೆರಾದತ್ತ ತಿರುಗಿ ಗುಂಡು ಹಾರುತ್ತದೆ. ಪೂರಾ ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಗುಂಡಿನ ಆ ಕ್ಷಣಕ್ಕೆ ಮಾತ್ರ ಕೆಲವೇ ಫ್ರೇಮು ಕೆಂಪು ಬಣ್ಣ ಚೆಲ್ಲುತ್ತದೆ. ಅದುವರೆಗೆ ಚಿತ್ರದಲ್ಲಿ ಎಲ್ಲೂ ಇಲ್ಲದಿದ್ದ ಬಣ್ಣ ಬಂದುಹೋಗುವುದೇ ಅದರ ಬಲ. ಇಂಪ್ಯಾಕ್ಟ್ ಫ್ರೇಮಿಗೂ ಇದೇ ನಿಯಮ: ಸುತ್ತಲಿನ ಫ್ರೇಮುಗಳಿಗಿಂತ ಅದು ಬೇರೆಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಪ್ರತಿ ಏಟಿಗೂ ಅದನ್ನು ಹಾಕಿದ ಹೊಡೆದಾಟದಲ್ಲಿ ನಿರ್ಣಾಯಕ ಏಟನ್ನು ಬೇರ್ಪಡಿಸಿ ತೋರಿಸಲು ಏನೂ ಉಳಿಯುವುದಿಲ್ಲ. ಮೇಲಿನ ಗುದ್ದಿನಲ್ಲಾದರೆ 12 ಮತ್ತು 13ನೆಯ ಫ್ರೇಮುಗಳು ಅದಕ್ಕೆ ತಕ್ಕ ಜಾಗ. ಉಳಿದ ಎಂಟು ಫ್ರೇಮುಗಳಲ್ಲಿ ಬಣ್ಣ ಮರಳಿ, ತಿರುಚಿದ ಮುಖ ಸ್ಪಷ್ಟವಾಗಿ ಕಾಣಬೇಕು.

ಮೂರನೆಯದು ಸ್ಕ್ರೀನ್ ಶೇಕ್. ಸೆಲ್ಯುಲಾಯ್ಡ್ ಹಾಳೆಯ ಮೇಲೆ ಚಿತ್ರ ಬಿಡಿಸುತ್ತಿದ್ದ ಕಾಲದಲ್ಲಿ ಹಾಳೆಯನ್ನು ಕ್ಯಾಮೆರಾದ ಕೆಳಗೆ ಒಂದೊಂದು ಫ್ರೇಮಿಗೂ ಕೊಂಚ ಮೇಲೆ, ಕೊಂಚ ಕೆಳಗೆ ಸರಿಸಿ ಅದುರಿಕೆಯನ್ನು ತರುತ್ತಿದ್ದರು. 1966ರಲ್ಲಿ ಶುರುವಾದ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ನೌಕೆಗೆ ಏಟು ಬಿದ್ದಾಗಲೆಲ್ಲ ಕ್ಯಾಮೆರಾವನ್ನು ಅಲುಗಿಸುತ್ತಿದ್ದರು, ನಟರು ತಾವೇ ಒಂದು ಪಕ್ಕಕ್ಕೆ ವಾಲುತ್ತಿದ್ದರು. ಗೇಮುಗಳಲ್ಲಿ ಇದರ ಮಾತು ಜೋರಾದದ್ದು 2013ರ ಸುಮಾರಿಗೆ, ಡಚ್ ಸ್ಟುಡಿಯೋ ವ್ಲಾಂಬೀರ್‌ನ ಯಾನ್ ವಿಲ್ಲೆಮ್ ನೈಮನ್ ಕೊಟ್ಟ ಉಪನ್ಯಾಸದಿಂದ. ಸಪ್ಪೆಯಾದೊಂದು ಪುಟ್ಟ ಗೇಮನ್ನು ಎದುರಿಗಿಟ್ಟುಕೊಂಡು, ನಿಲುಗಡೆ, ಅದುರಿಕೆಯಂಥ ಸಣ್ಣ ಸಣ್ಣ ಬದಲಾವಣೆಗಳನ್ನು ಒಂದೊಂದಾಗಿ ಸೇರಿಸುತ್ತ ಅದಕ್ಕೆ ಜೀವ ಬರುವುದನ್ನು ಅವರು ತೋರಿಸಿದರು.

ಆದರೆ ಎಷ್ಟು ಅದುರಿಸಬೇಕು ಎಂಬ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ಕೊಟ್ಟದ್ದು ಸ್ಕ್ವಿರಲ್ ಐಸರ್ಲೋ ಎಂಬ ಗೇಮ್ ಪ್ರೋಗ್ರಾಮರ್, 2016ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ. ಅವರ ವಿಧಾನದಲ್ಲಿ ಕ್ಯಾಮೆರಾಕ್ಕೆ ‘ಟ್ರಾಮಾ’ ಎಂಬ ಒಂದು ಸಂಖ್ಯೆ ಇರುತ್ತದೆ, ಸೊನ್ನೆಯಿಂದ ಒಂದರವರೆಗೆ. ಏಟು ಬಿದ್ದಾಗ ಅದು ಏರುತ್ತದೆ, ತನ್ನಷ್ಟಕ್ಕೆ ಒಂದೇ ವೇಗದಲ್ಲಿ ಇಳಿಯುತ್ತದೆ. ಅದುರಿಕೆ ಮಾತ್ರ ಆ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಅತಿ ಹೆಚ್ಚಿನ ಅದುರಿಕೆ 40 ಪಿಕ್ಸೆಲ್ ಎಂದು ಇಟ್ಟುಕೊಳ್ಳೋಣ. ಚಪ್ಪರಿಕೆ 0.2 ಸೇರಿಸಿತು ಎಂದರೆ ಅದರ ವರ್ಗ 0.04, ಅದುರಿಕೆ ಎರಡು ಪಿಕ್ಸೆಲ್ಲಿಗೂ ಕಡಿಮೆ, ಕಂಡೂ ಕಾಣದಷ್ಟು. ಬಲವಾದ ಗುದ್ದು 0.5 ಸೇರಿಸಿದರೆ ವರ್ಗ 0.25, ಅದುರಿಕೆ 10 ಪಿಕ್ಸೆಲ್. ಅದು ಇಳಿಯುವ ಮೊದಲೇ ಅಂಥದೇ ಇನ್ನೊಂದು ಗುದ್ದು ಬಿದ್ದರೆ ಸಂಖ್ಯೆ ಒಂದನ್ನು ಮುಟ್ಟಿ ಪೂರಾ 40 ಪಿಕ್ಸೆಲ್ ಅದುರುತ್ತದೆ. ಸಣ್ಣ ಏಟು ಕಣ್ಣನ್ನು ಕಾಡುವುದಿಲ್ಲ, ದೊಡ್ಡವು ಒಟ್ಟಾದಾಗ ನೆಲವೇ ನಡುಗುತ್ತದೆ. ಇಳಿಯುವಾಗಲೂ ವರ್ಗದ ಗುಣ ಕಾಣುತ್ತದೆ. ಸಂಖ್ಯೆ 0.5ರಿಂದ 0.25ಕ್ಕೆ ಇಳಿಯುವಷ್ಟರಲ್ಲಿ ಅದುರಿಕೆ 10ರಿಂದ ಎರಡೂವರೆ ಪಿಕ್ಸೆಲ್ಲಿಗೆ ಬಂದಿರುತ್ತದೆ. ಮೊದಲು ಜೋರಾಗಿ ಬಡಿದು, ಕೊನೆಗೆ ನಿಧಾನವಾಗಿ ಸುಮ್ಮನಾಗುತ್ತದೆ.

ಪ್ರತಿ ಫ್ರೇಮಿಗೂ ಕ್ಯಾಮೆರಾವನ್ನು ಮನಬಂದ ಕಡೆಗೆ ಎಸೆಯುವುದಕ್ಕಿಂತ ಪರ್ಲಿನ್ ನಾಯ್ಸ್ ಎಂಬ, ಒಂದರಿಂದ ಇನ್ನೊಂದಕ್ಕೆ ನಯವಾಗಿ ಸರಿಯುವ ಸಂಖ್ಯೆಗಳನ್ನು ಬಳಸುವುದು ಒಳ್ಳೆಯದು. ಆಗ ಆಟವನ್ನು ನಿಧಾನಗತಿಯಲ್ಲಿ ತೋರಿಸಿದರೆ ಅದುರಿಕೆಯೂ ನಿಧಾನವಾಗುತ್ತದೆ. ಮೂರು ಆಯಾಮದ ಆಟಗಳಲ್ಲಿ ಕ್ಯಾಮೆರಾದ ಜಾಗವನ್ನು ಬದಲಿಸದೆ ಅದರ ಕೋನವನ್ನು ಮಾತ್ರ ಅಲುಗಿಸಬೇಕು, ಇಲ್ಲದಿದ್ದರೆ ಹತ್ತಿರದ ಗೋಡೆಯೊಳಗೆ ಅದು ತೂರಿಬಿಡುವುದುಂಟು. ಪರದೆಯ ಅಂಚಿನಲ್ಲಿ ಹಿನ್ನೆಲೆಯ ಚಿತ್ರ ಮುಗಿದು ಖಾಲಿ ಜಾಗ ಇಣುಕಿದರೆ ಅದು ಅದುರಿಕೆಯ ಲೆಕ್ಕ ತಪ್ಪಿದ ಗುರುತು. ಅಂಕ, ಪ್ರಾಣದ ಪಟ್ಟಿ ಮುಂತಾದ ಓದಬೇಕಾದ ಭಾಗಗಳು ದೃಶ್ಯದ ಜೊತೆ ಅದುರಬಾರದು.

ಈ ಉಪಾಯಗಳು ದೇಹದ ಮೇಲೆ ನಿಜವಾಗಿಯೂ ಕೆಲಸ ಮಾಡುವುದರಿಂದಲೇ ಅವುಗಳಿಗೆ ಅಪಾಯದ ಒಂದು ಗೆರೆಯೂ ಇದೆ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಬಂದ ‘ಪೊಕೆಮಾನ್’ ಕಂತೊಂದರಲ್ಲಿ ಸ್ಫೋಟವನ್ನು ತೋರಿಸಲು ಕೆಂಪು ಮತ್ತು ನೀಲಿ ಬಣ್ಣಗಳನ್ನು ಸೆಕೆಂಡಿಗೆ ಸುಮಾರು ಹನ್ನೆರಡು ಬಾರಿ ಮಿನುಗಿಸಿದ್ದರು. ನೂರಾರು ಜನರನ್ನು, ಅವರಲ್ಲಿ ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲವರಿಗೆ ಅಪಸ್ಮಾರದಂಥ ಸೆಳೆತ ಬಂದಿತ್ತು. ಮರುವರ್ಷ ಜಪಾನಿನ ಪ್ರಸಾರ ಸಂಸ್ಥೆಗಳು ಮಿನುಗುವಿಕೆಗೆ ನಿಯಮ ಮಾಡಿಕೊಂಡವು. ಇಂದಿಗೂ ಅಲ್ಲಿನ ಆನಿಮೇಷನ್ನುಗಳ ಇಂಪ್ಯಾಕ್ಟ್ ಫ್ರೇಮುಗಳನ್ನು ಟಿವಿಯಲ್ಲಿ ಮಂಕಾಗಿಸಿ ತೋರಿಸಿ, ಆಮೇಲೆ ಬರುವ ಡಿಸ್ಕಿನಲ್ಲಿ ಮೂಲದ ಹೊಳಪನ್ನು ಮರಳಿ ಕೊಡುವುದುಂಟು. ವೆಬ್‌ಸೈಟುಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿರುವ ಮಿತಿ ಯಾರೂ ನೆನಪಿಡುವಷ್ಟು ಸರಳ: ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗು ಕೂಡದು. ಒಂದು ಗುದ್ದಿಗೆ ಒಮ್ಮೆ ಕಪ್ಪು ಬಿಳುಪಾಗಿ ತಿರುಗುವ ಫ್ರೇಮು ಇದರೊಳಗೆ ಬರುತ್ತದೆ, ಸರಣಿ ಹೊಡೆತದ ಪ್ರತಿ ಏಟಿಗೂ ಹಾಗೆ ಮಾಡಿದರೆ ಮಿತಿ ದಾಟುತ್ತದೆ.

ಅದುರಿಕೆಯ ತೊಂದರೆ ಬೇರೆ ಬಗೆಯದು. ಕಣ್ಣಿಗೆ ಜಗತ್ತು ಅಲುಗಿದಂತೆ ಕಂಡು, ಒಳಕಿವಿಯ ಸಮತೋಲನದ ಅಂಗಕ್ಕೆ ಏನೂ ಅಲುಗದಿದ್ದಾಗ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಪರದೆ ದೊಡ್ಡದಾದಷ್ಟೂ ಹತ್ತಿರವಾದಷ್ಟೂ ಇದು ಹೆಚ್ಚು. ಆದ್ದರಿಂದ ಅದುರಿಕೆಯನ್ನು ತಗ್ಗಿಸುವ ಅಥವಾ ಪೂರಾ ನಿಲ್ಲಿಸುವ ಆಯ್ಕೆಯನ್ನು ಆಡುವವನ ಕೈಗೆ ಕೊಡಬೇಕು. ಅದುರಿಕೆಗೇ ಹೆಸರಾದ ವ್ಲಾಂಬೀರ್‌ನ ‘ನ್ಯೂಕ್ಲಿಯರ್ ಥ್ರೋನ್’ ಆಟದಲ್ಲೂ ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಸೌಲಭ್ಯವಿದೆ. 2018ರ ‘ಸೆಲೆಸ್ಟ್’ ಆಟದಲ್ಲಿ ಅದುರಿಕೆಯನ್ನೂ ಮಿನುಗನ್ನೂ ಸೆಟ್ಟಿಂಗ್ಸಿನಲ್ಲಿ ತೆಗೆದುಹಾಕಬಹುದು. ಹಾಗೆ ತೆಗೆದ ಮೇಲೂ ಅದರ ನಾಯಕಿ ಗಾಳಿಯಲ್ಲಿ ಚಿಮ್ಮುವಾಗಿನ 0.05 ಸೆಕೆಂಡಿನ ನಿಲುಗಡೆ, ಅಂದರೆ ಮೂರು ಫ್ರೇಮು, ಹಾಗೆಯೇ ಉಳಿಯುತ್ತದೆ. ಅದರಿಂದ ಯಾರ ತಲೆಯೂ ಸುತ್ತುವುದಿಲ್ಲ, ಚಿಮ್ಮುವಿಕೆಯ ಬಿರುಸಿನ ದೊಡ್ಡ ಪಾಲನ್ನು ಹೊರುತ್ತಿರುವುದೂ ಆ ಮೂರು ಫ್ರೇಮುಗಳೇ.